ದಾಸರ ಪದ ಎಲ್ಲರದು, ಧ್ವನಿಮುದ್ರಣ ಕಂಪನಿಯದು

ಪುರಂದರದಾಸರ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಅದನ್ನು ಹಾಡಿಸಿ ಕ್ಯಾಸೆಟ್ ತಂದ ಕಂಪನಿಗೆ ಆ ಧ್ವನಿಮುದ್ರಣದ ಮೇಲೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕಿರುತ್ತದೆ. ‘ಕೃಪೆ: ಇಂಥವರು’ ಎಂದು ಹಾಕಿದರೆ ಅನುಮತಿ ಸಿಕ್ಕಂತಾಗದು, ಯೂಟ್ಯೂಬ್‌ನ ಕಂಟೆಂಟ್ ಐಡಿ ಧ್ವನಿಯನ್ನು ಗುರುತಿಸಿದರೆ ಜಾಹೀರಾತಿನ ಹಣ ಕಂಪನಿಗೇ ಹೋಗಬಹುದು.

ಆದ್ದರಿಂದ ಇಮೇಲ್‌ನಲ್ಲಿ ‘ನಿಮ್ಮ ಹಾಡು ಬಳಸಬಹುದೇ?’ ಎಂದಷ್ಟೇ ಕೇಳಿದರೆ ಸಾಲದು. ಹೀಗೆ ಬರೆಯಿರಿ:

‘ಮಾನ್ಯರೇ, ನಮ್ಮೂರ ರಥೋತ್ಸವದ 6 ನಿಮಿಷದ ವಿಡಿಯೊದಲ್ಲಿ ನಿಮ್ಮ ಈ ಆಲ್ಬಮ್‌ನ ಮೂರನೇ ಹಾಡಿನ ಮೊದಲ 40 ಸೆಕೆಂಡ್ ಬಳಸಲು ಅನುಮತಿ ಕೋರುತ್ತೇನೆ. ಚಾನೆಲ್‌ಗೆ ಜಾಹೀರಾತು ಆದಾಯವಿದೆ. ಶುಲ್ಕವಿದ್ದರೆ ತಿಳಿಸಿ. ಒಪ್ಪಿದರೆ ಕ್ಲೇಮ್ ಬಾರದಂತೆ ಚಾನೆಲ್‌ಗೆ ವಿನಾಯಿತಿ ಕೊಡುವಿರಾ?’

ಉತ್ತರ ಬಾರದಿದ್ದರೆ ಅದು ಒಪ್ಪಿಗೆಯಲ್ಲ. ಆಗ ಅದೇ ಪದವನ್ನು ಊರಿನ ಗಾಯಕರಿಂದ ಹಾಡಿಸಿ, ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಕಂಪನಿಯ ಹೊಸ ರಾಗಸಂಯೋಜನೆಯನ್ನು ಮಾತ್ರ ನಕಲು ಮಾಡಬೇಡಿ, ಅದಕ್ಕೂ ಹಕ್ಕುಂಟು.