ಲಿಫ್ಟ್ ಹಸ್ತಾಂತರ: ಸಹಿ ಹಾಕುವ ಮುನ್ನ ನೋಡಬೇಕಾದ ಅಂಕಿಗಳು

ಹೊಸ ವಸತಿ ಗೋಪುರದ ಲಿಫ್ಟ್‌ಗಳು ಬಿಲ್ಡರ್‌ನಿಂದ ನಿವಾಸಿಗಳ ಸಂಘದ ವಶಕ್ಕೆ ಬರುವಾಗ ಎರಡು ಕಾಗದಗಳು ಮುಖ್ಯ. ಚೆಕ್‌ಲಿಸ್ಟ್‌ನಲ್ಲಿ ಬಾಗಿಲು, ಗುಂಡಿ, ದೀಪ, ಅಲಾರಂ ಮುಂತಾದವನ್ನು ಕಣ್ಣಾರೆ ನೋಡಿ ಗುರುತು ಹಾಕಿರುತ್ತಾರೆ. ಪರೀಕ್ಷಾ ಪ್ರಮಾಣಪತ್ರದಲ್ಲಿ ಲಿಫ್ಟ್‌ಗೆ ಭಾರ ಹೇರಿ ಅಳೆದ ಫಲಿತಾಂಶ ಇರುತ್ತದೆ. ಕರ್ನಾಟಕದಲ್ಲಿ 2012ರ ಲಿಫ್ಟ್ ಕಾಯ್ದೆಯಡಿ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಪರವಾನಗಿ ಇವೆರಡಕ್ಕಿಂತ ಬೇರೆ. ಅದಿದೆ ಎಂದ ಮಾತ್ರಕ್ಕೆ ಪರೀಕ್ಷೆಯ ಅಂಕಿಗಳನ್ನು ಕೇಳದೆ ಬಿಡುವಂತಿಲ್ಲ.

13 ಜನರ ಲಿಫ್ಟ್ ಒಂದನ್ನು ತೆಗೆದುಕೊಳ್ಳೋಣ. ತಲಾ 68 ಕಿಲೋ ಲೆಕ್ಕದಲ್ಲಿ ಅದರ ಸಾಮರ್ಥ್ಯ 884 ಕಿಲೋ. ವೇಗ ಸೆಕೆಂಡಿಗೆ 1.5 ಮೀಟರ್. ಬ್ರೇಕ್ ಪರೀಕ್ಷೆಗೆ ಸಾಮರ್ಥ್ಯದ ಶೇ. 125ರಷ್ಟು, ಅಂದರೆ 1,105 ಕಿಲೋ ಹೇರಬೇಕು. ತೂಕದ ಕಬ್ಬಿಣದ ಗಟ್ಟಿಗಳನ್ನೇ ಕ್ಯಾಬಿನ್‌ನಲ್ಲಿ ಜೋಡಿಸಬೇಕು. ಜನರನ್ನು ನಿಲ್ಲಿಸುವುದು ಪರೀಕ್ಷೆಯಲ್ಲ, ಅಪಾಯ.

ವೇಗ ಮಿತಿಮೀರಿದರೆ ಗವರ್ನರ್ ಎಂಬ ಚಕ್ರ ತನ್ನ ಹಗ್ಗವನ್ನು ಬಿಗಿಹಿಡಿಯುತ್ತದೆ. ಆಗ ಕ್ಯಾಬಿನ್ನಿನ ಅಡಿಯಲ್ಲಿರುವ ಸೇಫ್ಟಿ ಗೇರ್ ಎರಡೂ ಬದಿಯ ಹಳಿಗಳನ್ನು ಕಚ್ಚಿ ನಿಲ್ಲುತ್ತದೆ. ಗವರ್ನರ್ ಎರಗುವ ವೇಗ ನಿಗದಿತ ವೇಗದ ಶೇ. 115ಕ್ಕಿಂತ ಕಡಿಮೆ ಇರಬಾರದು. ಈ ಲಿಫ್ಟ್‌ಗೆ ಅದು ಸುಮಾರು 1.73 ಮೀಟರ್. ಪರೀಕ್ಷೆ ನಿಜಕ್ಕೂ ನಡೆದಿದ್ದರೆ ಹಳಿಗಳ ಮೇಲೆ ಕಚ್ಚಿದ ಹೊಳಪು ಗೀರುಗಳು ಎರಡೂ ಬದಿ ಒಂದೇ ಎತ್ತರದಲ್ಲಿ ಕಾಣುತ್ತವೆ. ತಂತ್ರಜ್ಞರೊಡನೆ ಹೋಗಿ ಅದನ್ನು ತೋರಿಸಿಕೊಳ್ಳುವುದು ಒಳ್ಳೆಯದು.

ಹೆಚ್ಚಿನ ಎಡವಟ್ಟು ಆಗುವುದು ಸಮತೋಲನದಲ್ಲಿ. ಖಾಲಿ ಕ್ಯಾಬಿನ್ನಿನ ತೂಕಕ್ಕೆ ಸಾಮರ್ಥ್ಯದ ಸುಮಾರು ಅರ್ಧ, ಇಲ್ಲಿ 442 ಕಿಲೋ, ಸೇರಿಸಿ ಕೌಂಟರ್‌ವೇಟ್ ಕಟ್ಟಿರುತ್ತಾರೆ. ಅರ್ಧ ಭಾರದಲ್ಲಿ ಕ್ಯಾಬಿನ್ ನಡುದಾರಿಯನ್ನು ದಾಟುವಾಗ ಮೋಟಾರಿನ ಕರೆಂಟ್ ಏರುವಾಗಲೂ ಇಳಿಯುವಾಗಲೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸಮತೋಲನ ಸರಿಯಿದೆ. ಪರೀಕ್ಷೆ ಮುಗಿದ ಮೇಲೆ ಅಂದಕ್ಕಾಗಿ ನೆಲಕ್ಕೆ ಅಮೃತಶಿಲೆ ಹಾಸಿದರೆ ಈ ಲೆಕ್ಕ ಕೆಡುತ್ತದೆ. ಎರಡು ಚದರ ಮೀಟರ್ ನೆಲಕ್ಕೆ 20 ಮಿಲಿಮೀಟರ್ ದಪ್ಪದ ಕಲ್ಲು ಸುಮಾರು 110 ಕಿಲೋ ತೂಗುತ್ತದೆ. ಕೌಂಟರ್‌ವೇಟ್ ಹಾಗೇ ಉಳಿದರೆ, ತುಂಬಿದ ಕ್ಯಾಬಿನ್ 442ರ ಬದಲು 552 ಕಿಲೋ ಹೆಚ್ಚಾಗಿ ಜಗ್ಗುತ್ತದೆ. ಬ್ರೇಕ್ ಆ ಭಾರವನ್ನೂ ತಡೆಯಬೇಕು. ಓವರ್‌ಲೋಡ್ ಸೆನ್ಸರ್ ಅನ್ನು ಹೊಸದಾಗಿ ಹೊಂದಿಸದಿದ್ದರೆ ಕಲ್ಲನ್ನೂ ಪ್ರಯಾಣಿಕರ ಭಾರವೆಂದೇ ಎಣಿಸಿ, ಹತ್ತು ಹನ್ನೊಂದು ಜನ ಹತ್ತುವಷ್ಟರಲ್ಲೇ ಗಂಟೆ ಬಾರಿಸಬಹುದು. ಹೊಸ ಲಿಫ್ಟ್ ಹೀಗೆ ಪದೇಪದೇ ಕೂಗಿದರೆ ಮೊದಲು ನೆಲಹಾಸನ್ನೇ ಅನುಮಾನಿಸಬೇಕು.

ಆದ್ದರಿಂದ ಪ್ರಮಾಣಪತ್ರದಲ್ಲಿ ‘ತೃಪ್ತಿಕರ’ ಎಂಬ ಮಾತಷ್ಟೇ ಇದ್ದರೆ ಸಾಲದು. ಹೇರಿದ ಭಾರ, ಗವರ್ನರ್ ಎರಗಿದ ವೇಗ, ಏರಿಳಿತದ ಕರೆಂಟ್ ಮತ್ತು ಪರೀಕ್ಷೆಯ ದಿನಾಂಕ ಬರಹದಲ್ಲಿರಬೇಕು. ಆ ದಿನಾಂಕ ಒಳಾಂಗಣದ ಕೆಲಸಕ್ಕಿಂತ ಹಿಂದಿನದಾಗಿದ್ದರೆ ಸಂಘ ಮರುಪರೀಕ್ಷೆ ಕೇಳಲಿ. ಅದರ ಅಂಕಿಗಳು ಕೈಸೇರುವವರೆಗೆ ಹಸ್ತಾಂತರ ಪತ್ರಕ್ಕೆ ಸಹಿ ಹಾಕದಿರಲಿ.