ಫೋಟೊ ನೋಡಿ ಬರೆಯುವ ವಿವರಣೆ: ಮಣ್ಣಿನ ಒಡವೆಯ ಬಗ್ಗೆ ಎಷ್ಟು ಹೇಳಬಹುದು?

ಆನ್‌ಲೈನಿನಲ್ಲಿ ಮಾರಾಟವಾಗುವ ಟೆರಾಕೋಟಾ ಒಡವೆಯನ್ನು ಕೊಳ್ಳುವವರು ಮುಟ್ಟಿ ನೋಡಲಾರರು. ಅವರ ಮುಂದಿರುವುದು ಒಂದು ಫೋಟೊ ಮತ್ತು ಅದರ ಕೆಳಗಿನ ಏಳೆಂಟು ಸಾಲಿನ ವಿವರಣೆ. ಆ ಸಾಲುಗಳನ್ನು ಬರೆಯುವವರೂ ಹಲವು ಸಲ ಒಡವೆಯನ್ನು ಕಂಡಿರುವುದಿಲ್ಲ; ಮಾಡಿದವರು ಕಳಿಸಿದ ಚಿತ್ರವೇ ಅವರಿಗೂ ಆಧಾರ. ಹೀಗಾಗಿ ಬರೆಯುವ ಮೊದಲು ಚಿತ್ರದಲ್ಲಿ ಕಾಣುವುದು ಯಾವುದು, ಮಾಡಿದವರನ್ನು ಕೇಳಿಯೇ ತಿಳಿಯಬೇಕಾದದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು.

ಒಂದು ಮಾದರಿಯನ್ನು ತೆಗೆದುಕೊಳ್ಳಬಹುದು. ಫೋಟೊದಲ್ಲಿ ಬಿಳಿ ಬಟ್ಟೆಯ ಮೇಲೆ ದುಂಡನೆಯ ಪದಕವೊಂದಿದೆ. ಅದರ ಮೇಲೆ ಉಬ್ಬಿದ ನವಿಲು, ಅಂಚಿಗೆ ಚಿನ್ನದ ಬಣ್ಣ. ಪದಕವನ್ನು ಕಪ್ಪು ದಾರದಲ್ಲಿ ಪೋಣಿಸಲಾಗಿದೆ. ಅದರ ಎರಡೂ ಬದಿಗೆ ಮೂರು ಮೂರು ಕೆಂಪು ಮಣಿಗಳಿವೆ. ಪಕ್ಕದಲ್ಲಿ ಒಂದು ಜೊತೆ ಜುಮುಕಿ, ಅವುಗಳ ಹತ್ತಿರ ಹತ್ತು ರೂಪಾಯಿಯ ನಾಣ್ಯ.

ಆಕಾರ, ವಿನ್ಯಾಸ, ಬಣ್ಣ, ಎಷ್ಟು ತುಂಡುಗಳಿವೆ ಎಂಬ ಲೆಕ್ಕ ಕಣ್ಣಿಗೆ ನೇರವಾಗಿ ಸಿಗುತ್ತವೆ. ನಾಣ್ಯ ಇರುವುದರಿಂದ ಅಳತೆಯನ್ನೂ ಅಂದಾಜು ಮಾಡಬಹುದು. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಪರದೆಯ ಮೇಲೆ ಅಳೆದಾಗ ನಾಣ್ಯ 18 ಮಿ.ಮೀ., ಪದಕ 30 ಮಿ.ಮೀ. ಬಂದರೆ, 30ನ್ನು 18ರಿಂದ ಭಾಗಿಸಿ 27ರಿಂದ ಗುಣಿಸಬೇಕು. ಪದಕದ ಅಗಲ ಸುಮಾರು 45 ಮಿ.ಮೀ., ಅಂದರೆ ನಾಲ್ಕೂವರೆ ಸೆಂಟಿಮೀಟರ್ ಎಂದಾಯಿತು. ಈ ಲೆಕ್ಕ ಸರಿಯಾಗಬೇಕಾದರೆ ಫೋಟೊವನ್ನು ನೇರವಾಗಿ ಮೇಲಿನಿಂದ ತೆಗೆದಿರಬೇಕು, ನಾಣ್ಯವೂ ಪದಕವೂ ಒಂದೇ ಮಟ್ಟದಲ್ಲಿರಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ ವಸ್ತು ದೊಡ್ಡದಾಗಿ ಕಾಣುವುದರಿಂದ ಅಂದಾಜು ತಪ್ಪುತ್ತದೆ. ಕೊನೆಗೆ ಬರೆಯುವ ಅಂಕಿಯನ್ನು ಮಾಡಿದವರು ಸ್ಕೇಲು ಹಿಡಿದು ಹೇಳಿದರೇ ಒಳ್ಳೆಯದು.

ಬಣ್ಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹಳದಿ ಬಲ್ಬಿನ ಬೆಳಕಿನಲ್ಲಿ ಇಟ್ಟಿಗೆಗೆಂಪು ಕಿತ್ತಳೆಯಾಗಿ ಕಾಣುತ್ತದೆ. ಫೋಟೊದ ಬಿಳಿ ಬಟ್ಟೆಯೇ ಹಳದಿಯಾಗಿ ಕಂಡರೆ ಒಡವೆಯ ಬಣ್ಣವನ್ನೂ ನಂಬುವಂತಿಲ್ಲ; ಹಗಲು ಬೆಳಕಿನಲ್ಲಿ ತೆಗೆದ ಇನ್ನೊಂದು ಚಿತ್ರವನ್ನು ಕೇಳಬೇಕು. ಕಾಣುವ ಬಣ್ಣ ಮಣ್ಣಿನದೇ, ಬಳಿದದ್ದೇ ಎಂಬ ಪ್ರಶ್ನೆಯೂ ಇದೆ. ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿಯನ್ನು ತಡೆದು ಹುಲ್ಲು ಅಥವಾ ಮರದ ಹೊಟ್ಟಿನ ಹೊಗೆಯಲ್ಲಿ ಸುಟ್ಟರೆ ಅದೇ ಮಣ್ಣು ಕಪ್ಪಾಗುತ್ತದೆ. ಆದ್ದರಿಂದ ಕಪ್ಪು ಒಡವೆಯೆಲ್ಲ ಕಪ್ಪು ಪೇಂಟಿನದಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಕುಂಚದ ಗೆರೆಗಳು, ತಗ್ಗಿನಲ್ಲಿ ದಪ್ಪಗೆ ನಿಂತ ಬಣ್ಣ, ಮಣಿಯ ತೂತಿನ ಅಂಚಿನಲ್ಲಿ ಇಣುಕುವ ಬೇರೆ ಬಣ್ಣ ಕಂಡರೆ ಅದು ಬಳಿದದ್ದು. ಈ ಗುರುತುಗಳು ಕಾಣದಿದ್ದರೆ ಊಹೆಗೆ ಇಳಿಯದೆ ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೇ ಫೋಟೊದಲ್ಲಿ ಕಾಣುವುದಿಲ್ಲ: ಈ ಒಡವೆಯನ್ನು ಸುಟ್ಟಿದ್ದಾರೆಯೇ? ಜೇಡಿಮಣ್ಣು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಳಗಿಂದಲೇ ಬದಲಾಗುತ್ತದೆ. ಆಮೇಲೆ ನೀರಿನಲ್ಲಿ ನೆನೆದರೂ ಕೆಸರಾಗುವುದಿಲ್ಲ. ಟೆರಾಕೋಟಾ ಎಂದರೆ ಹೀಗೆ ಸುಟ್ಟ ಮಣ್ಣು. ಗಾಳಿಗೆ ಒಣಗಿ ಗಟ್ಟಿಯಾಗುವ ಕ್ಲೇ ಕೂಡ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಪದಕ ಮಾಡಿ ಬಣ್ಣ ಬಳಿದರೆ ಫೋಟೊದಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯದು. ಕೈಯಲ್ಲಿದ್ದರೆ ಬೆರಳಿನಿಂದ ತಟ್ಟಿ ನೋಡಬಹುದು. ಚೆನ್ನಾಗಿ ಸುಟ್ಟ ತುಂಡು ಟಣ್ ಎನ್ನುತ್ತದೆ, ಸುಡದ್ದು ಮಂಕಾಗಿ ಸದ್ದು ಮಾಡುತ್ತದೆ. ಬಣ್ಣ ಬಳಿಯದ ಮಣಿಯೊಂದನ್ನು ನೀರಿನಲ್ಲಿ ಹಾಕಿ ಗಂಟೆಗಳ ಕಾಲ ಬಿಟ್ಟರೆ ಇನ್ನೂ ಖಚಿತವಾಗುತ್ತದೆ. ಬರೆಯುವವರಿಗೆ ಇದು ಸಾಧ್ಯವಿಲ್ಲದಾಗ ಮಾಡಿದವರ ಮಾತನ್ನು ಕೇಳಿಯೇ ‘ಟೆರಾಕೋಟಾ’ ಎಂದು ಬರೆಯಬೇಕು.

ಇನ್ನು ಕೇಳಬೇಕಾದವು ಮೂರು. ಮೊದಲನೆಯದು ತೂಕ. ಜುಮುಕಿಯ ಒಳಗು ಟೊಳ್ಳೋ ಗಟ್ಟಿಯೋ ಎಂಬುದು ಎದುರಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ. ಕಿವಿಗೆ ಭಾರವಾಗುತ್ತದೆಯೇ ಎಂಬುದೇ ಕೊಳ್ಳುವವರ ಮೊದಲ ಪ್ರಶ್ನೆಯಾದ್ದರಿಂದ, ಗ್ರಾಮಿನಲ್ಲಿ ತೂಗಿ ಹೇಳಬೇಕು. ಎರಡನೆಯದು ಕಿವಿಯ ಕೊಕ್ಕೆಯ ಲೋಹ. ಹೊಳಪು ನೋಡಿ ಅದು ಯಾವ ಲೋಹ ಎಂದು ಹೇಳಲಾಗದು. ಅದರಲ್ಲಿ ನಿಕಲ್ ಇದ್ದರೆ ಕೆಲವರ ಕಿವಿಯಲ್ಲಿ ತುರಿಕೆ, ಗಾಯವಾಗುತ್ತದೆ. ಮೂರನೆಯದು ಬಣ್ಣದ ಬಾಳಿಕೆ. ಸುಟ್ಟ ಮಣ್ಣಿನಲ್ಲಿ ಸಣ್ಣ ರಂಧ್ರಗಳಿರುವುದರಿಂದ ಅದು ನೀರು, ಬೆವರು, ಎಣ್ಣೆಯನ್ನು ಹೀರುತ್ತದೆ. ಮೇಲೆ ಅಕ್ರಿಲಿಕ್ ಬಣ್ಣವಿದ್ದರೂ ವಾರ್ನಿಷ್ ಇದ್ದರೂ ಅದು ಮಣ್ಣಿನ ಮೇಲಿನ ತೆಳು ಪದರವಷ್ಟೇ. ‘ನೀರು ತಾಗಿದರೂ ಏನೂ ಆಗದು’ ಎಂದು ಬರೆದರೆ, ಆ ಒಡವೆ ತೊಟ್ಟು ಸ್ನಾನ ಮಾಡಿದವರಿಗೆ ಮೋಸವಾಗುತ್ತದೆ.

ಮಾಡಿದವರು ಉತ್ತರಿಸಿದರು ಎಂದುಕೊಳ್ಳೋಣ: ಸುಟ್ಟದ್ದು ಹೌದು, ಕೆಂಪು ಮಣ್ಣಿನದೇ, ಚಿನ್ನದ ಬಣ್ಣ ಮಾತ್ರ ಬಳಿದದ್ದು, ಪದಕ 4.5 ಸೆಂ.ಮೀ.; ಜುಮುಕಿ ಟೊಳ್ಳು, ಒಂದೊಂದೂ 9 ಗ್ರಾಂ; ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲ್, ದಾರ ಹತ್ತಿಯದು. ಆಗ ವಿವರಣೆ ಹೀಗಾಗುತ್ತದೆ:

‘ನವಿಲಿನ ಪದಕದ ಸರ ಮತ್ತು ಜುಮುಕಿ. ಕೈಯಲ್ಲಿ ತಿದ್ದಿ ಸುಟ್ಟ ಮಣ್ಣಿನ ಒಡವೆ. ಕೆಂಪು ಮಣ್ಣಿನ ಸಹಜ ಬಣ್ಣ, ಅಂಚಿಗೆ ಚಿನ್ನದ ಅಕ್ರಿಲಿಕ್ ಬಣ್ಣ. ಪದಕದ ಅಗಲ 4.5 ಸೆಂ.ಮೀ., ಎರಡೂ ಬದಿಗೆ ಮೂರು ಮೂರು ಮಣ್ಣಿನ ಮಣಿ, ಕಪ್ಪು ಹತ್ತಿ ದಾರ. ಟೊಳ್ಳು ಜುಮುಕಿ, ಒಂದರ ತೂಕ 9 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ. ಕೈಕೆಲಸವಾದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ಗೆರೆಯಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಸ್ನಾನಕ್ಕೆ ಮೊದಲು ತೆಗೆದಿಡಿ, ಸೆಂಟು ಸಿಂಪಡಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ಕಲ್ಲಿನ ನೆಲಕ್ಕೆ ಬಿದ್ದರೆ ಒಡೆಯುತ್ತದೆ.’

ಇದರಲ್ಲಿ ‘ಅಪೂರ್ವ’, ‘ಮನಮೋಹಕ’ ಎಂಬ ಮಾತುಗಳಿಲ್ಲ. ಒಂದೊಂದು ಸಾಲೂ ಕೊಳ್ಳುವವರ ಒಂದೊಂದು ಪ್ರಶ್ನೆಗೆ ಉತ್ತರ. ಊರಿನ ಹೆಸರನ್ನೂ ಹಾಗೇ ಸೇರಿಸುವಂತಿಲ್ಲ. ಗೋರಖ್‌ಪುರದ ಟೆರಾಕೋಟಾಕ್ಕೂ ಬಂಗಾಳದ ಬಾಂಕುರಾ ಜಿಲ್ಲೆಯ ಪಾಂಚ್‌ಮುರಾದ ಟೆರಾಕೋಟಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆ ಊರಿನಲ್ಲಿ ಮಾಡಿದ ಪದಕಕ್ಕೆ ಆ ಹೆಸರಿಡುವುದು ಕಾನೂನಿಗೆ ವಿರುದ್ಧ. ಚಿತ್ರದಲ್ಲಿ ಕಾಣದ ದಾರದ ಉದ್ದವನ್ನು ಸುಮ್ಮನೆ ತುಂಬುವುದೂ ಸಲ್ಲದು. ತಿಳಿದರೆ ಬರೆಯಬೇಕು, ಇಲ್ಲವೇ ಬಿಡಬೇಕು.

ಈ ಎಚ್ಚರಕ್ಕೆ ಕಾನೂನಿನ ಬೆಂಬಲವೂ ಇದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ. ಹಿಂದಕ್ಕೆ ಬರುವ ದಾರಿಯಲ್ಲಿ ಮಣ್ಣಿನ ಒಡವೆ ಒಡೆಯುವ ಸಾಧ್ಯತೆಯೂ ಹೆಚ್ಚು. ಆ ನಷ್ಟ ಬೀಳುವುದು ಮಾಡಿದವರ ಮೇಲೆಯೇ. ಆದ್ದರಿಂದ ವಿವರಣೆಯನ್ನು ಪ್ರಕಟಿಸುವ ಮೊದಲು ಮಾಡಿದವರಿಗೆ ಕಳಿಸಿ, ಒಡವೆಯನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಹೋಲಿಸಿ ನೋಡಲು ಹೇಳಬೇಕು. ಅವರು ಒಪ್ಪಿದ ಸಾಲುಗಳು ಮಾತ್ರ ಫೋಟೊದ ಕೆಳಗೆ ಉಳಿಯಬೇಕು.