ಇಂಜಿನ್ನಿಗೆ ವಿಮೆ ಇದೆ, ಟ್ರೇಲರಿಗೆ?

ನವೆಂಬರ್ ಬಂತೆಂದರೆ ಮುಧೋಳ, ಜಮಖಂಡಿ, ಅಥಣಿ ಕಡೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಕಬ್ಬಿನ ಟ್ರ್ಯಾಕ್ಟರುಗಳದ್ದೇ ಸಾಲು. ಮುಂದೆ ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಹಗ್ಗ ಬಿಗಿದು ಪೇರಿಸಿದ ಕಬ್ಬು. ಇಂಥ ಗಾಡಿಯ ಮಾಲೀಕರನ್ನು ವಿಮೆ ಇದೆಯೇ ಎಂದು ಕೇಳಿದರೆ ಹೆಚ್ಚಿನವರು ಇದೆ ಎಂದೇ ಹೇಳುತ್ತಾರೆ. ಸಾಲ ಕೊಟ್ಟ ಬ್ಯಾಂಕೂ ಪಾಲಿಸಿ ಕೇಳುತ್ತದೆ. ಆದರೆ ಪಾಲಿಸಿಯ ಹಾಳೆಯಲ್ಲಿ ವಾಹನದ ನಂಬರ್ ಇರುವ ಜಾಗದಲ್ಲಿ ಬಹಳ ಸಲ ಒಂದೇ ನಂಬರ್ ಇರುತ್ತದೆ, ಇಂಜಿನ್ನಿನದು. ಟ್ರೇಲರ್ ಬಗ್ಗೆ ವಿಚಾರಿಸಿದರೆ, "ಅದಕ್ಯಾಕ್ರೀ ಇನ್ಶೂರೆನ್ಸ್, ಅದೇನು ತಾನಾಗಿ ಓಡತೈತೇನ್ರೀ?" ಎಂಬ ಉತ್ತರ ಸಿಗುವುದುಂಟು.

ಮಾತು ಕೇಳಲು ಸರಿಯಾಗಿದೆ, ಕಾನೂನಿಗೆ ಮಾತ್ರ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರ್ಯಾಕ್ಟರ್ ಎಂದರೆ ತಾನೇ ಹೊರೆ ಹೊರಲು ಮಾಡಿದ ವಾಹನವಲ್ಲ. ಹೊರೆ ಹೊರುವುದು ಟ್ರೇಲರ್, ಮತ್ತು ಅದೂ ಪ್ರತ್ಯೇಕ ಮೋಟಾರು ವಾಹನವೇ. ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್ ಉಂಟು. ಟ್ರ್ಯಾಕ್ಟರ್ ಒಂದೇ ಇದ್ದಾಗ ಅದು ಕೃಷಿ ವಾಹನ. ಟ್ರೇಲರ್ ಸೇರಿದ ಜೋಡಿಯನ್ನು ಸರಕು ಸಾಗಣೆ ವಾಹನವೆಂದು ಎಣಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಹೇಳಿತು. ವಿಮೆಯ ತಕರಾರುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಕೊಂಡಿಯ ಹತ್ತಿರವೇ.

ಹಾಳೆಯಲ್ಲಿ ಇನ್ನೊಂದು ಸಾಲಿದೆ, ಯಾರೂ ಓದದ್ದು: ಬಳಕೆಯ ಮಿತಿ. ಕೃಷಿ ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 'ಕೃಷಿ ಮತ್ತು ಅರಣ್ಯ ಕೆಲಸಕ್ಕೆ ಮಾತ್ರ, ಬಾಡಿಗೆಗೆ ಅಲ್ಲ' ಎಂಬ ಅರ್ಥದ ಮಾತಿರುತ್ತದೆ. ಈಗ ಒಂದು ಟ್ರ್ಯಾಕ್ಟರಿನ ವರ್ಷವನ್ನು ನೋಡೋಣ. ಮುಂಗಾರಿಗೆ ಮೊದಲು ಸ್ವಂತ ಹೊಲದ ಉಳುಮೆ. ಆಮೇಲೆ ಗಂಟೆಗಿಷ್ಟು ಎಂದು ಪಕ್ಕದವರ ಹೊಲಕ್ಕೆ ರೋಟಾವೇಟರ್. ಹಂಗಾಮಿನಲ್ಲಿ ಮೊದಲು ತಮ್ಮ ಕಬ್ಬು, ನಂತರ ಟನ್ನಿನ ಲೆಕ್ಕದಲ್ಲಿ ಬೇರೆಯವರ ಕಬ್ಬು. ಬೇಸಿಗೆಯಲ್ಲಿ ಕೈ ಖಾಲಿ, ಕಂತು ಕಟ್ಟಬೇಕು, ಹಾಗಾಗಿ ಇಟ್ಟಿಗೆ ಭಟ್ಟಿಗೆ ಮಣ್ಣು. ಗಾಡಿ ಅದೇ, ಚಾಲಕ ಅವನೇ, ಪಾಲಿಸಿಯೂ ಅದೇ. ಸ್ವಂತ ಹೊಲದ ಕೆಲಸಕ್ಕೆ ರಕ್ಷಣೆ ಗಟ್ಟಿ. ಬಾಡಿಗೆ ಉಳುಮೆಯಲ್ಲಿ ಪಾಲಿಸಿಯ ಪದಗಳನ್ನು ಹಿಡಿದು ವಾದ ಮಾಡಬಹುದು. ಬೇರೆಯವರ ಕಬ್ಬಿನ ಸಾಗಣೆಯಲ್ಲಿ ಅದು ಸಡಿಲವಾಗುತ್ತದೆ, ಭಟ್ಟಿಯ ಮಣ್ಣಿಗೆ ಬರುವ ಹೊತ್ತಿಗೆ ಕೃಷಿಯ ನಂಟೇ ಉಳಿದಿರುವುದಿಲ್ಲ.

ಭಟ್ಟಿಯ ಮಣ್ಣಿನ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ 2007ರಲ್ಲಿ ತೀರ್ಮಾನವಾಯಿತು. ಮಣ್ಣು ತುಂಬಿದ ಟ್ರೇಲರಿನ ಮೇಲೆ ಕೂತಿದ್ದ ಕೂಲಿಯಾಳು ಜಾರಿ ಬಿದ್ದು ಗಾಯಗೊಂಡಿದ್ದ. ಟ್ರ್ಯಾಕ್ಟರಿಗೆ ಕೃಷಿ ಕೆಲಸದ ವಿಮೆ ಇತ್ತು, ಟ್ರೇಲರಿಗೆ ಇರಲಿಲ್ಲ. ವಿಮಾ ಕಂಪನಿಗೆ ಹೊಣೆ ಇಲ್ಲ ಎಂದು ಕೋರ್ಟು ಒಪ್ಪಿತು. ಆದರೂ ಗಾಯಾಳು ಬಡವನೆಂಬ ಕಾರಣಕ್ಕೆ ತನ್ನ ವಿಶೇಷ ಅಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. ಇಂಥ ಆದೇಶ ಬಂದಾಗ 'ಇನ್ಶೂರೆನ್ಸ್ ಕೊಟ್ಟಿತು' ಎಂದು ಊರಲ್ಲಿ ಸುದ್ದಿಯಾಗುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಅದೇ ಮೊತ್ತಕ್ಕೆ ಮಾಲೀಕನ ಮನೆಗೆ ನೋಟಿಸ್ ಬಂದದ್ದು ಅಷ್ಟು ಸುದ್ದಿಯಾಗುವುದಿಲ್ಲ.

ಗಾಡಿಯ ಮೇಲೆ ಕೂತವರಿಗೂ ರಸ್ತೆಯಲ್ಲಿ ಎದುರಾದವರಿಗೂ ವಿಮೆಯ ಮಟ್ಟಿಗೆ ಬಹಳ ವ್ಯತ್ಯಾಸವಿದೆ. ರಾತ್ರಿ ಹಿಂದಿನ ದೀಪವಿಲ್ಲದ ಟ್ರೇಲರಿಗೆ ಬೈಕ್ ಸವಾರ ಗುದ್ದಿ ಸತ್ತರೆ, ಟ್ರೇಲರ್ ಇಂಜಿನ್ನಿಗೆ ಜೋಡಿಸಿದ್ದಾಗ ಇಂಜಿನ್ನಿನ ವಿಮೆಯಿಂದಲೇ ಪರಿಹಾರ ಕೊಡಿಸಿದ ತೀರ್ಪುಗಳು ಹಲವು. ಆದರೆ ಕೊಂಡಿ ಕಳಚಿ ಟ್ರೇಲರನ್ನು ರಸ್ತೆ ಬದಿ ಬಿಟ್ಟು ಹೋಗಿದ್ದರೆ? ಕಾರ್ಖಾನೆಯ ಮುಂದೆ ಸಾಲು ಉದ್ದವಾದಾಗ ಹೀಗೆ ಬಿಟ್ಟು ಹೋಗುವುದು ರೂಢಿಯೇ ಆಗಿದೆ. ಆಗ ಅದು ಒಂಟಿಯಾಗಿ ನಿಂತ ಮೋಟಾರು ವಾಹನ, ಅದಕ್ಕೆ ಅದರದ್ದೇ ವಿಮೆ ಬೇಕು.

ಮೇಲೆ ಕೂತವರ ಕಥೆ ಬೇರೆ. ಟ್ರ್ಯಾಕ್ಟರಿಗೆ ಇರುವುದು ಚಾಲಕನ ಸೀಟೊಂದೇ. ಮಡ್ಗಾರ್ಡ್ ಮೇಲೆ ಕೂತವನು ತಮ್ಮನಾಗಲಿ ಗೆಳೆಯನಾಗಲಿ, ಬಿದ್ದರೆ ಕಡ್ಡಾಯ ವಿಮೆಯಲ್ಲಿ ಅವನಿಗೆ ಜಾಗವಿಲ್ಲ. ಟ್ರೇಲರಿನಲ್ಲಿ ಹೋಗುವ ಕಬ್ಬು ಕಡಿಯುವ ಗ್ಯಾಂಗಿನವರಿಗೂ ಬರೀ ಇಂಜಿನ್ನಿನ ವಿಮೆ ಸಾಲದು. ಸ್ವಂತ ಆಳುಗಳಾದರೆ ತಲೆಗಿಷ್ಟು ಎಂದು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಹೊಣೆಯನ್ನು ಪಾಲಿಸಿಗೆ ಸೇರಿಸಬಹುದು. ಈ ಮೊತ್ತ ಇಡೀ ಪ್ರೀಮಿಯಮ್ಮಿನ ಎದುರು ಬಹಳ ಸಣ್ಣದು. ಹಾಗಿದ್ದೂ ಇದನ್ನು ಕೇಳಿ ಹಾಕಿಸಿಕೊಳ್ಳುವವರು ಕಡಿಮೆ. ಏಜೆಂಟರೂ ಕೇಳದೆ ಹೇಳುವುದಿಲ್ಲ.

ಒಂದು ಕಲ್ಪಿತ ಲೆಕ್ಕ ಹಾಕೋಣ. ₹7 ಲಕ್ಷಕ್ಕೆ ಕೊಂಡ ಟ್ರ್ಯಾಕ್ಟರಿಗೆ ಮೂರೂವರೆ ವರ್ಷವಾಗಿದೆ. ಸವಕಳಿ ಶೇ 40 ಕಳೆದರೆ ಪಾಲಿಸಿಯಲ್ಲಿ ಅದರ ಮೌಲ್ಯ, ಅಂದರೆ ಐಡಿವಿ, ₹4.2 ಲಕ್ಷ. ಸ್ವಂತ ಕಬ್ಬು ಹೇರಿಕೊಂಡು ಕಾಲುವೆ ಏರಿಯ ಮೇಲೆ ಹೋಗುವಾಗ ಟ್ರೇಲರ್ ಜಾರಿ ಇಂಜಿನ್ನನ್ನೂ ಎಳೆದುಕೊಂಡು ಮಗುಚಿತು. ಇಂಜಿನ್ ರಿಪೇರಿಯ ಬಿಲ್ಲು ₹1,20,000. ಅದರಲ್ಲಿ ₹80,000 ಲೋಹದ ಭಾಗಗಳದ್ದು. ಈ ವಯಸ್ಸಿನ ಗಾಡಿಗೆ ಅದರಲ್ಲಿ ಶೇ 25 ಕಳೆದು ₹60,000 ಸಿಗುತ್ತದೆ. ₹24,000ದ ಟೈರಿಗೆ ಅರ್ಧ, ₹12,000. ಕೂಲಿ ₹16,000 ಪೂರ್ತಿ. ಒಟ್ಟು ₹88,000, ಇದರಲ್ಲಿ ಮಾಲೀಕನೇ ಭರಿಸಬೇಕಾದ ಕಡ್ಡಾಯ ಪಾಲು ಮತ್ತೆ ಕಳೆಯುತ್ತದೆ. ಇಲ್ಲಿಯವರೆಗೆ ಪರವಾಗಿಲ್ಲ.

ಟ್ರೇಲರಿನ ₹50,000 ರಿಪೇರಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಪಾಲಿಸಿಯಲ್ಲಿ ಅದರ ಹೆಸರೇ ಇಲ್ಲ. ಕಾಲುವೆ ಪಾಲಾದ ಕಬ್ಬಿಗೂ ಬರುವುದಿಲ್ಲ. ಟ್ರೇಲರ್ ಪಾಲಿಸಿಯಲ್ಲಿ ಇದ್ದಿದ್ದರೂ ಬರುತ್ತಿರಲಿಲ್ಲ, ಏಕೆಂದರೆ ಗಾಡಿಯಲ್ಲಿರುವ ಸರಕು ಮೋಟಾರು ವಿಮೆಗೆ ಸೇರಿದ್ದಲ್ಲ. ಕಬ್ಬಿನ ಮೇಲೆ 30 ವರ್ಷದ ಆಳೊಬ್ಬ ಕೂತಿದ್ದು, ತೀರಿಕೊಂಡನೆನ್ನಿ. ತಿಂಗಳ ಕೂಲಿ ₹15,000 ಎಂದು ಹಿಡಿದರೆ ಕಾರ್ಮಿಕ ಪರಿಹಾರದ ಸೂತ್ರದಲ್ಲಿ ಅದರ ಅರ್ಧವನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಬೇಕು: ₹15,59,850. ಟ್ರೇಲರ್ ಮತ್ತು ಆಳಿನ ಹೊಣೆ ಎರಡೂ ಪಾಲಿಸಿಯಲ್ಲಿದ್ದರೆ ಈ ಮೊತ್ತ ಕಂಪನಿಯ ತಲೆಗೆ, ಇಲ್ಲದಿದ್ದರೆ ಟ್ರ್ಯಾಕ್ಟರಿನ ಬೆಲೆಯ ಎರಡರಷ್ಟು ಸಾಲ ಮಾಲೀಕನ ತಲೆಗೆ.

ಅಪಘಾತವಾದ ಮೇಲೆ ಸರ್ವೇಯರ್ ಬಂದು ಮೊದಲು ಕೇಳುವ ಕಾಗದಗಳಲ್ಲಿ ಕಾರ್ಖಾನೆಯ ತೂಕದ ಚೀಟಿಯೂ ಒಂದಾಗಿರಬಹುದು. ಹಿಂದಿನ ಖೇಪುಗಳಲ್ಲಿ ಎಷ್ಟೆಷ್ಟು ಟನ್ ಹೋಗಿದೆ, ಟ್ರೇಲರಿನ ಆರ್‌ಸಿಯಲ್ಲಿ ಎಷ್ಟಿದೆ ಎಂದು ತಾಳೆ ನೋಡಲು ಅದು ಸಾಕು. ಅತಿ ಭಾರದಿಂದ ಅಥವಾ ಎಳೆತದಿಂದ ಆದ ಹಾನಿ ವಿಮೆಯ ಹೊರಗೆ. ಹಾಗಾಗಿ ಭಾರಕ್ಕೆ ಅಚ್ಚು ಮುರಿದರೆ ಕ್ಲೇಮ್ ನಿಲ್ಲುವುದಿಲ್ಲ. ಕಾನೂನು ಒಪ್ಪಿದ್ದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವುದನ್ನೂ ಪಾಲಿಸಿಗಳು ಹೊರಗಿಡುತ್ತವೆ. ಹೀಗಾಗಿ ಹಿಂದೆ ಎರಡು ಕಟ್ಟುವವರು ಎರಡರ ನಂಬರನ್ನೂ ಪಾಲಿಸಿಯಲ್ಲಿ ಬರೆಸಿಕೊಂಡಿರಬೇಕು.

ಬಳಕೆಯ ಮಿತಿ ಮೀರಿದ ತಕ್ಷಣ ಎಲ್ಲವೂ ಸೊನ್ನೆ ಎಂದೇನೂ ಅಲ್ಲ. ಖಾಸಗಿ ವಾಹನವೊಂದನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದಾಗ ಅದು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಶೇ 75 ಕೊಡಿಸಿತ್ತು. ಲೈಸೆನ್ಸಿನ ವಿಷಯದಲ್ಲೂ ರೈತರಿಗೆ ಅನುಕೂಲವಾದ ತೀರ್ಪುಗಳಿವೆ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅಸಿಂಧುವಾಗುವುದಿಲ್ಲ ಎಂದು 2001ರಲ್ಲೇ ತೀರ್ಮಾನವಾಗಿದೆ. ಲಘು ವಾಹನದ ಲೈಸೆನ್ಸಿನಲ್ಲಿ 7,500 ಕಿಲೋವರೆಗಿನ ಸಾಗಣೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಹೇಳಿತು. ಹತ್ತನೇ ತರಗತಿಯ ಹುಡುಗನ ಕೈಗೆ ಸ್ಟೇರಿಂಗ್ ಕೊಟ್ಟವರಿಗೆ ಮಾತ್ರ ಯಾವ ತೀರ್ಪೂ ನೆರವಿಗೆ ಬರುವುದಿಲ್ಲ.

ಇನ್ನು ಹಂಗಾಮಿನ ಪ್ರಶ್ನೆ. ಗಂಗಾವತಿ, ಸಿಂಧನೂರಿನ ಭತ್ತದ ಹಾರ್ವೆಸ್ಟರುಗಳು ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲ ಶೆಡ್ಡಿನಲ್ಲಿರುತ್ತವೆ. ನಿಂತ ಗಾಡಿಗೆ ವರ್ಷದ ವಿಮೆ ಯಾಕೆ ಎಂದು ಮಾಲೀಕರಿಗೆ ಅನ್ನಿಸುವುದು ಸಹಜ. ಹಾಗೆಂದು ಪಾಲಿಸಿಯನ್ನು ಮುಗಿಯಲು ಬಿಟ್ಟು, ಕಟಾವು ಬಂದಾಗ ಹೊಸದು ಮಾಡಿಸುವವರಿದ್ದಾರೆ. ಮುಗಿದು 90 ದಿನ ದಾಟಿದರೆ ಕ್ಲೇಮ್ ಮಾಡದ್ದಕ್ಕೆ ಕೂಡಿಬಂದ ರಿಯಾಯಿತಿ ಹೋಗುತ್ತದೆ, ಶೇ 50ರವರೆಗೆ ಏರಿದ್ದರೂ ಮತ್ತೆ ಮೊದಲಿನಿಂದ ಶುರು. ಆ ನಡುವೆ ಶೆಡ್ಡಿಗೆ ಬೆಂಕಿ ಬಿದ್ದರೆ ಏನೂ ಇಲ್ಲ. ಮೆಕ್ಯಾನಿಕ್ಕಿನ ಬಳಿಗೆ ಒಯ್ಯಲು ರಸ್ತೆಗಿಳಿಸಿ ಸಿಕ್ಕಿಬಿದ್ದರೆ ಮೊದಲ ಸಲದ ದಂಡ ₹2,000. ಅಪಘಾತವಾದರೆ ದಂಡ ನೆನಪಿಗೂ ಬರುವುದಿಲ್ಲ.

ಇದಕ್ಕೆ ಒಂದು ನ್ಯಾಯವಾದ ದಾರಿಯಿದೆ. 2002ರ ಮೋಟಾರು ವಿಮಾ ದರಪಟ್ಟಿಯಲ್ಲೇ, ಕನಿಷ್ಠ ಎರಡು ತಿಂಗಳು ಸತತವಾಗಿ ನಿಲ್ಲಿಸುವ ವಾಹನಕ್ಕೆ ಒಂದು ಷರಾ ಇತ್ತು. ನಿಲ್ಲಿಸುವ ಮೊದಲೇ ಕಂಪನಿಗೆ ಬರೆದು ತಿಳಿಸಿದರೆ ಆ ಅವಧಿಯಲ್ಲಿ ಬೆಂಕಿ, ಕಳವಿನಂಥ ರಕ್ಷಣೆ ಉಳಿಸಿಕೊಂಡು ಮಿಕ್ಕದ್ದನ್ನು ತಡೆಹಿಡಿದು ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಪಡೆಯಬಹುದು. ಏಜೆಂಟರ ಬಾಯಲ್ಲಿ ಇದು ತಾನಾಗಿ ಬರುವುದು ಅಪರೂಪ, ಶಾಖೆಗೆ ಹೋಗಿ ಕೇಳಬೇಕು. ಆ ಅವಧಿಯಲ್ಲಿ ಗಾಡಿಯನ್ನು ಶೆಡ್ಡಿನಿಂದ ಆಚೆಗೂ ತೆಗೆಯುವಂತಿಲ್ಲ. ಟ್ರ್ಯಾಕ್ಟರಿಗೆ ಇದು ಹೊಂದುವುದಿಲ್ಲ; ಎರಡು ತಿಂಗಳು ಸುಮ್ಮನೆ ನಿಂತ ಟ್ರ್ಯಾಕ್ಟರನ್ನು ನಾನಂತೂ ನೋಡಿಲ್ಲ.

ರೋಟಾವೇಟರ್, ಕಲ್ಟಿವೇಟರ್, ರಾಶಿ ಮಷಿನ್ ಇವುಗಳ ಬಗ್ಗೆಯೂ ಒಂದು ಮಾತು. ಇವು ಟ್ರ್ಯಾಕ್ಟರಿನ ಪಾಲಿಸಿಯೊಳಗೆ ತಾವಾಗಿ ಬರುವುದಿಲ್ಲ. ಸಲಕರಣೆಯೆಂದು ಬರೆಸಿದ್ದರೂ ಗಾಡಿಯನ್ನು ಬಿಟ್ಟು ಅದೊಂದೇ ಕಳುವಾದರೆ ಪರಿಹಾರವಿಲ್ಲ ಎಂಬ ಷರತ್ತು ಸಾಮಾನ್ಯ. ಕಣದಲ್ಲಿ ಕಳಚಿಟ್ಟ ರೋಟಾವೇಟರ್ ರಾತ್ರೋರಾತ್ರಿ ಮಾಯವಾದರೆ ಪೊಲೀಸ್ ದೂರಷ್ಟೇ ಉಳಿಯುತ್ತದೆ. ಬ್ಯಾಟರಿಗೂ ಇದೇ ಮಾತು. ಬೆಲೆಬಾಳುವ ಉಪಕರಣವಿದ್ದರೆ ಅದಕ್ಕೆ ಬೇರೆ ಪಾಲಿಸಿ ಮಾಡಿಸುವುದು ಲೇಸು. ಗೇರ್ ತಾನಾಗಿ ಮುರಿದದ್ದು, ಸವೆದದ್ದು ಮೋಟಾರು ಪಾಲಿಸಿಯಲ್ಲಂತೂ ಸಿಗದು.

ಸೆಕೆಂಡ್ ಹ್ಯಾಂಡ್ ಟ್ರೇಲರಿನ ವ್ಯಾಪಾರ ಹಂಗಾಮಿನ ಮುಂಚೆ ಜೋರಾಗಿರುತ್ತದೆ. ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ವಾಹನದ ಜೊತೆ ಮೂರನೆಯವರ ಹೊಣೆಯ ವಿಮೆ ಕಾನೂನಿನಿಂದಲೇ ದಾಟಿಬರುತ್ತದೆ, ಸ್ವಂತ ಹಾನಿಯದು ಹಾಗೆ ಬರುವುದಿಲ್ಲ. ಟ್ರೇಲರಿನ ಹಲಗೆ, ಟೈರು ತಟ್ಟಿ ನೋಡುವಾಗ ಅದರ ಪಕ್ಕಕ್ಕೆ ಬರೆದ ನಂಬರೂ ಆರ್‌ಸಿಯ ನಂಬರೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಆರ್‌ಸಿಯೇ ಇಲ್ಲದ ಟ್ರೇಲರುಗಳೂ ಕೈಬದಲಾಗುತ್ತವೆ. ನೋಂದಣಿಯಾಗುವ ತನಕ ಅವನ್ನು ಯಾವ ಪಾಲಿಸಿಗೂ ನಂಬರ್ ಹಿಡಿದು ಸೇರಿಸಲು ಬರುವುದಿಲ್ಲ.